ಹೊಸ ಗಿರಾಕಿಗೆ ಮೊದಲ ಇನ್‌ವಾಯ್ಸ್ ಇಮೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಕುಲ ರಸ್ತೆಯ ಲೇತ್ ಶಾಪ್‌ನವರು, ತಾರಿಹಾಳದ ಸಣ್ಣ ಕಾರ್ಖಾನೆಯವರು, ಬೆಟಗೇರಿಯ ಮಗ್ಗದವರು, ಬ್ಯಾಡಗಿಯಿಂದ ಮೆಣಸಿನಪುಡಿ ಕಳಿಸುವವರು ಬೇರೆ ಬೇರೆ ಸಲ ಕೇಳಿದ ಪ್ರಶ್ನೆಗಳು ಇಲ್ಲಿವೆ. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ.

ಉತ್ತರಗಳಿಗೆಲ್ಲ ಒಂದೇ ಉದಾಹರಣೆ. ಹುಬ್ಬಳ್ಳಿಯ ಒಂದು ಲೇತ್ ಶಾಪ್ ರಾಣೆಬೆನ್ನೂರಿನ ಹೊಸ ಕಂಪನಿಯೊಂದಕ್ಕೆ 120 ಬುಶ್ ಮಾಡಿ ಕಳಿಸಿದೆ ಅಂದುಕೊಳ್ಳಿ. ಒಂದಕ್ಕೆ 340 ರೂಪಾಯಿ, ಅಂದರೆ 40,800. ಅದಕ್ಕೆ ಶೇ 18 ಜಿಎಸ್‌ಟಿ 7,344. ಒಟ್ಟು 48,144 ರೂಪಾಯಿ. ಬಿಲ್ ತಾರೀಕು 8 ಜೂನ್ 2026. ಮಾಲು ತಲುಪಿದ್ದು ಮರುದಿನ.

## ಮೊದಲು ಗೊತ್ತಿರಬೇಕಾದ್ದು

ಬಿಲ್ ಪಿಡಿಎಫ್ ವಾಟ್ಸಾಪ್‌ನಾಗ ಹಾಕೇನಿ. ಮತ್ತ ಇಮೇಲ್ ಯಾಕ್ರಿ?

ವಾಟ್ಸಾಪ್‌ನಲ್ಲಿ ಹಾಕಿದ್ದು ನಿಮಗೆ ಆರ್ಡರ್ ಕೊಟ್ಟವರ ಫೋನಿಗೆ ಹೋಗುತ್ತದೆ. ರೊಕ್ಕ ಹಾಕುವವರು ಅವರಲ್ಲ. ಹಾಕುವವರು ಅಕೌಂಟ್ಸ್‌ನವರು. ಅವರು ನಿಮ್ಮನ್ನು ನೋಡಿಲ್ಲ, ನಿಮ್ಮ ಹೆಸರೂ ಕೇಳಿಲ್ಲ.

ಹಳೇ ಗಿರಾಕಿಯ ಅಕೌಂಟ್ಸ್‌ನಲ್ಲಿ ನಿಮ್ಮ ಖಾತೆ ಮೊದಲೇ ಇರುತ್ತದೆ. ಬಿಲ್ ಬಂದರೆ ಹಚ್ಚಿಕೊಂಡು ಬಿಡುತ್ತಾರೆ. ಹೊಸ ಕಂಪನಿಯಲ್ಲಿ ಹಾಗಲ್ಲ. ಈ ಬಿಲ್ ಯಾವ ಆರ್ಡರಿಗೆ, ಮಾಲು ಬಂದಿದೆಯಾ, ಖಾತೆ ಯಾವುದು, ಯಾವಾಗ ಕೊಡಬೇಕು ಅಂತ ಅವರು ಒಂದೊಂದಾಗಿ ನೋಡಬೇಕು. ಒಂದಕ್ಕೆ ಉತ್ತರ ಸಿಗದಿದ್ದರೂ ಬಿಲ್ ಪಕ್ಕಕ್ಕೆ ಹೋಗುತ್ತದೆ. ನಿಮಗೆ ಫೋನ್ ಮಾಡಿ ಕೇಳುವಷ್ಟು ಪರಿಚಯ ಅವರಿಗಿನ್ನೂ ಇಲ್ಲ, ಅಲ್ವಾ? ಅದಕ್ಕೇ ಈ ನಾಲ್ಕೂ ಉತ್ತರ ಒಂದೇ ಇಮೇಲ್‌ನಲ್ಲಿ ಇರಬೇಕು. ವಾಟ್ಸಾಪ್‌ನಲ್ಲಿ "ಬಿಲ್ ಇಮೇಲ್ ಮಾಡೀನಿ ಸರ್" ಅಂತ ಒಂದು ಸಾಲು ಹಾಕಿ. ಅಷ್ಟು ಸಾಕು.

ಯಾರಿಗೆ ಕಳಿಸ್ಬೇಕು? ಆರ್ಡರ್ ಕೊಟ್ಟ ಸಾಹೇಬ್ರಿಗೋ, ಅಕೌಂಟ್ಸ್‌ಗೋ?

ಇಮೇಲ್ ಅಕೌಂಟ್ಸ್‌ಗೆ ಹೋಗಲಿ, ಆರ್ಡರ್ ಕೊಟ್ಟವರಿಗೆ ಪ್ರತಿ ಇರಲಿ. ಅಕೌಂಟ್ಸ್‌ನ ವಿಳಾಸ ಪರ್ಚೇಸ್ ಆರ್ಡರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ಜಾಸ್ತಿ. ಇಲ್ಲದಿದ್ದರೆ ಮಾಲು ಕಳಿಸುವ ದಿನವೇ ಕೇಳಿಕೊಳ್ಳಿ: "ಬಿಲ್ ಯಾವ ಇಮೇಲಿಗೆ ಕಳಿಸ್ಲಿ, ಅಲ್ಲಿ ಯಾರ ಹೆಸರಿಗೆ ಬರೀಲಿ?"

ಇನ್ನೊಂದು ಮಾತನ್ನೂ ಅದೇ ಫೋನಿನಲ್ಲಿ ಕೇಳಿ. ಹೊಸಬರನ್ನು ತಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಲು ಅವರಿಗೆ ಯಾವ ಕಾಗದ ಬೇಕು? ಸಾಮಾನ್ಯವಾಗಿ ಕೇಳುವುದು ಜಿಎಸ್‌ಟಿ ಸರ್ಟಿಫಿಕೇಟ್, ಪ್ಯಾನ್, ಒಂದು ಕ್ಯಾನ್ಸಲ್ ಮಾಡಿದ ಚೆಕ್, ಉದ್ಯಮ್ ಸರ್ಟಿಫಿಕೇಟ್. ಇವನ್ನು ಮೊದಲ ಇಮೇಲಿಗೇ ಹಚ್ಚಿಬಿಟ್ಟರೆ ಒಂದು ಸುತ್ತು ಉಳಿಯುತ್ತದೆ.

ಇಮೇಲ್‌ನಾಗ ಏನೇನ್ ಬರೀಬೇಕು? ಒಂದು ಮಾದರಿ ಕೊಡ್ರಿ.

ನಮ್ಮ ಬುಶ್‌ಗಳ ಬಿಲ್ಲಿಗೆ ನಾನು ಬರೆಯುವುದಾದರೆ ಹೀಗೆ:

> ವಿಷಯ: ಇನ್‌ವಾಯ್ಸ್ GR-26-27-041, ಆರ್ಡರ್ ನಂ. 1187, ₹48,144, ಕೊಡಬೇಕಾದ ದಿನ 8 ಜುಲೈ 2026
>
> ನಮಸ್ಕಾರ ಮೇಡಂ,
>
> ನಿಮ್ಮ ಆರ್ಡರ್ ನಂ. 1187ರ 120 ಬುಶ್‌ಗಳನ್ನು 8 ಜೂನ್‌ಗೆ ಕಳಿಸಿದ್ದೇವೆ. 9 ಜೂನ್‌ಗೆ ನಿಮ್ಮ ಸ್ಟೋರ್‌ನವರು ಪಡೆದು ಸಹಿ ಮಾಡಿದ ಚಲನ್ ಜೊತೆಗಿದೆ. ಇದು ನಮ್ಮಿಂದ ನಿಮಗೆ ಮೊದಲ ಬಿಲ್.
>
> ಮಾಲಿನ ಬೆಲೆ: ₹40,800
> ಸಿಜಿಎಸ್‌ಟಿ ಶೇ 9: ₹3,672
> ಎಸ್‌ಜಿಎಸ್‌ಟಿ ಶೇ 9: ₹3,672
> ಒಟ್ಟು: ₹48,144
>
> ದಯವಿಟ್ಟು 8 ಜುಲೈ 2026, ಬುಧವಾರದ ಒಳಗೆ ಈ ಖಾತೆಗೆ ಎನ್‌ಇಎಫ್‌ಟಿ ಮಾಡಿ:
> ಖಾತೆದಾರರ ಹೆಸರು: (ಬ್ಯಾಂಕಿನಲ್ಲಿ ಇರುವಂತೆಯೇ)
> ಖಾತೆ ಸಂಖ್ಯೆ, ಖಾತೆಯ ಬಗೆ: (… ಕರೆಂಟ್)
> ಬ್ಯಾಂಕ್, ಶಾಖೆ, ಐಎಫ್‌ಎಸ್‌ಸಿ: (…)
> ವಿವರದ ಜಾಗದಲ್ಲಿ GR-26-27-041 ಎಂದು ಬರೆಯಿರಿ. ರೊಕ್ಕ ಹಾಕಿದ ಮೇಲೆ ಯುಟಿಆರ್ ಸಂಖ್ಯೆ ತಿಳಿಸಿದರೆ ನಾವು ರಸೀದಿ ಕಳಿಸುತ್ತೇವೆ.
>
> ಬಿಲ್ ಅಥವಾ ರೊಕ್ಕದ ಬಗ್ಗೆ: (ಹೆಸರು, ಫೋನ್), ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 6.
> ಮಾಲಿನ ಅಳತೆ, ಗುಣಮಟ್ಟದ ಬಗ್ಗೆ: (ಹೆಸರು, ಫೋನ್).
>
> ನಮ್ಮ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ, ಮೇಲಿನ ನಂಬರಿಗೆ ಫೋನ್ ಮಾಡಿ ಕೇಳದೆ ರೊಕ್ಕ ಹಾಕಬೇಡಿ.
>
> ಈ ಬಿಲ್ ನಮ್ಮ ಜೂನ್ ತಿಂಗಳ ಜಿಎಸ್‌ಟಿಆರ್-1ರಲ್ಲಿ ಬರುತ್ತದೆ.
>
> ಇಮೇಲ್ ತಲುಪಿದೆ, ಬಿಲ್ ಸರಿ ಇದೆ ಎಂದು ಒಂದು ಸಾಲು ಉತ್ತರ ಕೊಟ್ಟರೆ ಉಪಕಾರ.

ವಿಷಯದ ಸಾಲು ಉದ್ದ ಅನ್ನಿಸಬಹುದು. ಆದರೆ ಅಕೌಂಟ್ಸ್‌ನವರು ಬಿಲ್ ಹುಡುಕುವುದು ನಂಬರ್ ಟೈಪ್ ಮಾಡಿ. "ಬಿಲ್ ಲಗತ್ತಿಸಿದೆ" ಎಂಬ ವಿಷಯದ ಇಮೇಲ್‌ಗಳು ಅವರ ಪೆಟ್ಟಿಗೆಯಲ್ಲಿ ಬೇಕಾದಷ್ಟಿರುತ್ತವೆ.

ಕೊನೆಯ ಸಾಲನ್ನು ಬಿಡಬೇಡಿ. "ಸರಿ ಇದೆ" ಎಂಬ ಉತ್ತರ ಬಂದರೆ ಬಿಲ್ ಲೆಕ್ಕಕ್ಕೆ ಹತ್ತಿದೆ ಅಂತ ಅರ್ಥ. ಮೂರು ದಿನವಾದರೂ ಬರಲಿಲ್ಲ ಅಂದರೆ ಆಗಲೇ ಫೋನ್ ಮಾಡಿ. ತಿಂಗಳಾದ ಮೇಲೆ ಮಾಡಿದರೆ "ಬಿಲ್ ಬಂದೇ ಇಲ್ಲಲ್ರಿ" ಎಂಬ ಉತ್ತರ ಕೇಳಬೇಕಾಗುತ್ತದೆ.

ಬಿಲ್ ನಂಬರ್ ಹ್ಯಾಂಗ ಇಡಬೇಕು?

ಜಿಎಸ್‌ಟಿ ನಿಯಮದಂತೆ ನಂಬರ್ 16 ಅಕ್ಷರ ಮೀರಬಾರದು. ಒಂದು ಆರ್ಥಿಕ ವರ್ಷದಲ್ಲಿ ಸಾಲಾಗಿ ಬರಬೇಕು, ಮತ್ತೆ ಬರಬಾರದು. ಅಡ್ಡಗೆರೆ, ಓರೆಗೆರೆ ಎರಡೂ ನಡೆಯುತ್ತವೆ. ನಾನು ಅಡ್ಡಗೆರೆಯನ್ನೇ ಹೇಳುತ್ತೇನೆ. ಫೈಲಿನ ಹೆಸರಿನಲ್ಲಿ ಓರೆಗೆರೆ ಹಾಕಲು ಕಂಪ್ಯೂಟರ್ ಬಿಡುವುದಿಲ್ಲ. ಬಿಲ್ಲಿನಲ್ಲಿ ಒಂದು ನಂಬರ್, ಫೈಲಿಗೆ ಇನ್ನೊಂದು ಅಂತಾದರೆ ಹುಡುಕುವಾಗ ಸಿಗುವುದಿಲ್ಲ. ಫೈಲಿಗೆ `GR-26-27-041.pdf` ಅಂತಲೇ ಹೆಸರಿಡಿ.

ಕನ್ನಡದಾಗ ಬರದ್ರ ನಡೀತದೇನ್ರಿ?

ಓದುವವರಿಗೆ ಕನ್ನಡ ಬಂದರೆ ಧಾರಾಳವಾಗಿ ನಡೆಯುತ್ತದೆ. ರಾಣೆಬೆನ್ನೂರಿನ ಕಂಪನಿಗೆ ಕನ್ನಡದಲ್ಲಿ ಬರೆದರೆ ಆತ್ಮೀಯತೆಯೂ ಬರುತ್ತದೆ. ಅಂಕಿಗಳನ್ನು ಮಾತ್ರ 1, 2, 3 ಅಂತಲೇ ಬರೆಯಿರಿ. ಖಾತೆದಾರರ ಹೆಸರು, ಐಎಫ್‌ಎಸ್‌ಸಿ ಬ್ಯಾಂಕಿನ ಪರದೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರುತ್ತವೋ ಹಾಗೇ ಇರಲಿ. ಅವರು ಅದನ್ನೇ ನಕಲು ಮಾಡಿ ಅಂಟಿಸುತ್ತಾರೆ.

## ರೊಕ್ಕ, ತಾರೀಕು, ಫೋನ್

ಕ್ಯೂಆರ್ ಕೋಡ್ ಹಾಕಿದ್ರ ಸಾಕಲ್ಲ? ಖಾತೆ ನಂಬರ್ ಎಲ್ಲಾ ಯಾಕ್ ಬೇಕು?

ಅಂಗಡಿಯ ಗಿರಾಕಿಗೆ ಕ್ಯೂಆರ್ ಸಾಕು. ಕಂಪನಿಗೆ ಸಾಲದು. ಕಂಪನಿಗಳಲ್ಲಿ ಒಬ್ಬರು ಪಾವತಿಯನ್ನು ತಯಾರು ಮಾಡಿ ಇನ್ನೊಬ್ಬರು ಒಪ್ಪಿಗೆ ಕೊಡುವ ಪದ್ಧತಿ ಇರುತ್ತದೆ. ಅದು ನಡೆಯುವುದು ನೆಟ್ ಬ್ಯಾಂಕಿಂಗ್‌ನಲ್ಲಿ, ನಿಮ್ಮ ಖಾತೆಯನ್ನು ಮೊದಲು ಸೇರಿಸಿಕೊಂಡ ಮೇಲೆ.

ಇಲ್ಲಿ ಹೆಚ್ಚು ಎಡವಟ್ಟಾಗುವುದು ಹೆಸರಿನಲ್ಲಿ. ಬೋರ್ಡಿನ ಮೇಲೆ "ಎಂಜಿನಿಯರಿಂಗ್ ವರ್ಕ್ಸ್" ಇರುತ್ತದೆ, ಖಾತೆ ಮಾಲೀಕರ ಸ್ವಂತ ಹೆಸರಿನಲ್ಲಿ ಇರುತ್ತದೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವಾಗ ಖಾತೆದಾರರ ಹೆಸರು ನೋಡುವ ಸೌಲಭ್ಯ 2025ರಿಂದ ಬಂದಿದೆ. ಬಿಲ್ಲಿನ ಹೆಸರು ಒಂದು, ಪರದೆಯ ಮೇಲೆ ಬಂದ ಹೆಸರು ಇನ್ನೊಂದು ಅಂದರೆ ಅವರು ಕೈ ಹಿಂದಕ್ಕೆ ತೆಗೆಯುತ್ತಾರೆ. ತೆಗೆಯುವುದೇ ಸರಿ. ಹಾಗಾಗಿ ವ್ಯವಹಾರದ ಹೆಸರಿನಲ್ಲೇ ಕರೆಂಟ್ ಖಾತೆ ಇದ್ದರೆ ಚೆಂದ. ಇಲ್ಲದಿದ್ದರೆ "ಖಾತೆ ಮಾಲೀಕರ ಹೆಸರಿನಲ್ಲಿದೆ, ಜಿಎಸ್‌ಟಿ ಸರ್ಟಿಫಿಕೇಟ್‌ನಲ್ಲೂ ಅದೇ ಹೆಸರಿದೆ" ಅಂತ ಒಂದು ಸಾಲು ಬರೆದು ಸರ್ಟಿಫಿಕೇಟ್ ಹಚ್ಚಿ.

ಐಎಫ್‌ಎಸ್‌ಸಿ ಬಗ್ಗೆ ಒಂದು ಮಾತು. ಅದು 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬಿದ್ದಿದೆಯಾ ನೋಡಿ. ನಿಮ್ಮ ಬ್ಯಾಂಕ್ ಬೇರೆ ಬ್ಯಾಂಕಿನಲ್ಲಿ ವಿಲೀನ ಆಗಿದ್ದರೆ ಹಳೇ ಪಾಸ್‌ಬುಕ್ಕಿನ ಕೋಡ್ ಹಾಕಬೇಡಿ, ಈಗಿನದನ್ನು ಬ್ಯಾಂಕಿನಿಂದ ಕೇಳಿ ತಗೊಳ್ಳಿ.

"30 ದಿನ" ಅಂತ ಬರದ್ರ ಸಾಕಾಗಂಗಿಲ್ಲೇನ್ರಿ?

ಸಾಕಾಗುವುದಿಲ್ಲ, ಯಾಕೆಂದರೆ ಎಲ್ಲಿಂದ 30 ದಿನ? ಬಿಲ್ ತಾರೀಕಿನಿಂದ ಎಣಿಸಿದರೆ ನಮ್ಮ ಉದಾಹರಣೆಯಲ್ಲಿ 8 ಜುಲೈ. ಮಾಲು ತಲುಪಿದ ದಿನದಿಂದ ಎಣಿಸಿದರೆ 9 ಜುಲೈ. ತಿಂಗಳ ಕೊನೆಯಿಂದ ಎಣಿಸುವ ಕಂಪನಿಗಳೂ ಇವೆ. ಅವರ ಲೆಕ್ಕಕ್ಕೆ 30 ಜುಲೈ. ಮೂರು ವಾರದ ಅಂತರ! ನೀವು 8ರಿಂದ ದಾರಿ ಕಾಯುತ್ತೀರಿ, ಅವರ ಪ್ರಕಾರ ಇನ್ನೂ ದಿನವೇ ಆಗಿಲ್ಲ. ಇಬ್ಬರದ್ದೂ ತಪ್ಪಿಲ್ಲ, ಆದರೆ ಮನಸ್ತಾಪ ಅಲ್ಲೇ ಶುರು.

ಆದ್ದರಿಂದ ದಿನಾಂಕವನ್ನೇ ಬರೆಯಿರಿ, ವಾರದ ಹೆಸರಿನ ಸಮೇತ. ಪರ್ಚೇಸ್ ಆರ್ಡರಿನಲ್ಲಿ ಅವರು ಬೇರೆ ಅವಧಿ ಬರೆದಿದ್ದರೆ ಅದಕ್ಕೆ ಹೊಂದುವ ದಿನಾಂಕ ಹಾಕಿ. ಆರ್ಡರಿನಲ್ಲಿ 45 ದಿನ ಒಪ್ಪಿಕೊಂಡು ಬಿಲ್ಲಿನಲ್ಲಿ 15 ಅಂತ ಬರೆದರೆ ಅವರು ಆರ್ಡರನ್ನೇ ಹಿಡಿಯುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅವರು ವಾರದ ಯಾವ ದಿನ ರೊಕ್ಕ ಹಾಕುತ್ತಾರೆ ಅಂತ ಕೇಳಿ. ಶುಕ್ರವಾರ ಮಾತ್ರ ಹಾಕುವ ಪದ್ಧತಿ ಇದ್ದರೆ, 8 ಜುಲೈ ಬುಧವಾರದ ಬಿಲ್ 3ನೇ ತಾರೀಕು ಹೋಗಬೇಕು ಇಲ್ಲವೇ 10ಕ್ಕೆ ಹೋಗುತ್ತದೆ. 10ಕ್ಕೇ ಹೋಗುತ್ತದೆ ಅಂದುಕೊಂಡು ನಿಮ್ಮ ಕಬ್ಬಿಣದ ಅಂಗಡಿಯವರಿಗೆ ಮಾತು ಕೊಡಿ.

ಮೊದಲ ಸಲಾನೇ ಕಡೇ ತಾರೀಕು ಬರದ್ರ ಗಿರಾಕಿ ಬ್ಯಾಸರ ಮಾಡ್ಕೊಳ್ಳಂಗಿಲ್ಲೇನು?

ನಮ್ಮ ಕಡೆ ಉದ್ರಿ ಅಂದರೆ ನಂಬಿಕೆ. ತಾರೀಕು ಹಾಕಿದರೆ ನಂಬಿಕೆ ಇಲ್ಲ ಅಂದಂತೆ ಆಗುತ್ತದೆ ಎಂಬ ಅಳುಕು ನನಗೆ ಅರ್ಥ ಆಗುತ್ತದೆ. ಆದರೆ ಅಕೌಂಟ್ಸ್‌ನವರ ಸಾಫ್ಟ್‌ವೇರಿನಲ್ಲಿ ಕೊಡಬೇಕಾದ ದಿನ ಎಂಬ ಖಾನೆ ಇರುತ್ತದೆ. ನೀವು ಕೊಡದಿದ್ದರೆ ಅವರೇ ಒಂದು ತುಂಬುತ್ತಾರೆ, ಅದು ನಿಮಗೆ ಅನುಕೂಲದ್ದು ಆಗಿರುವುದಿಲ್ಲ. ಮೊದಲ ಬಿಲ್ಲಿಗೆ ಹಾಕಿದ ದಿನ ಮುಂದಿನ ಬಿಲ್‌ಗಳಿಗೂ ರೂಢಿ ಆಗುತ್ತದೆ.

ಬೇಸರ ತರುವುದು ತಾರೀಕಲ್ಲ, ಅದರ ಪಕ್ಕದ ಬೆದರಿಕೆ. "ತಡವಾದರೆ ಶೇ 24 ಬಡ್ಡಿ" ಎಂಬ ದಪ್ಪ ಅಕ್ಷರದ ಸಾಲು ಮೊದಲ ಪರಿಚಯದ ಇಮೇಲಿಗೆ ಬೇಡ.

ಪ್ರಶ್ನೆ ಇದ್ರ ಕೇಳ್ರಿ ಅಂತ ಬರದೇನಿ. ಯಾರೂ ಕೇಳೂದಿಲ್ಲ, ರೊಕ್ಕನೂ ಬರೂದಿಲ್ಲ.

ಯಾರನ್ನು ಕೇಳಬೇಕು ಅಂತ ಬರೆದಿದ್ದೀರಾ? ಬಿಲ್ಲಿನ ತಲೆಯ ಮೇಲಿನ ನಂಬರ್ ಮಾಲೀಕರದ್ದು. ಅವರು ಮಷೀನ್ ಹತ್ತಿರ ಇರುತ್ತಾರೆ, ಸದ್ದಿಗೆ ಫೋನ್ ಕೇಳುವುದಿಲ್ಲ. ಅಕೌಂಟ್ಸ್‌ನ ಹುಡುಗಿ ಒಮ್ಮೆ ಮಾಡುತ್ತಾಳೆ, ಎತ್ತಲಿಲ್ಲ ಅಂದರೆ ಮುಂದಿನ ಬಿಲ್ಲಿಗೆ ಹೋಗುತ್ತಾಳೆ.

ಫೋನ್ ಎತ್ತುವವರ ಹೆಸರು ಕೊಡಿ. ನಿಮ್ಮ ಲೆಕ್ಕ ಬರೆಯುವವರು, ಮನೆಯವರು, ಯಾರಾದರೂ ಸರಿ, ಆದರೆ ಅವರ ಕೈಯಲ್ಲಿ ಬಿಲ್ಲಿನ ಪ್ರತಿ ಇರಬೇಕು. ಮಾಲಿನ ಪ್ರಶ್ನೆಗೆ ಬೇರೆ ಹೆಸರು ಕೊಡುವುದಕ್ಕೂ ಕಾರಣ ಇದೆ. "ನಾಲ್ಕು ಬುಶ್ ಅಳತೆ ಸರಿ ಇಲ್ಲ" ಎಂಬ ದೂರು ಲೆಕ್ಕದವರ ಹತ್ತಿರ ಬಂದರೆ ಅಲ್ಲೇ ನಿಲ್ಲುತ್ತದೆ, ಇತ್ತ ಇಡೀ 48,144 ನಿಂತಿರುತ್ತದೆ. ಅದೇ ದೂರು ಲೇತ್ ನಡೆಸುವವರಿಗೆ ಹೋದರೆ ನಾಲ್ಕು ಬದಲಿ ಬುಶ್ ಎರಡು ದಿನದಲ್ಲಿ ತಲುಪುತ್ತವೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

40,800 ಬಂತು, 7,344 ಬರಲಿಲ್ಲ. ಜಿಎಸ್‌ಟಿ ಹಿಡದಾರ. ಹಿಂಗೂ ಮಾಡ್ತಾರೇನು?

ಹೊಸ ಮಾರಾಟಗಾರರ ಜೊತೆ ಅನೇಕ ಕಂಪನಿಗಳು ಹೀಗೆ ಮಾಡುತ್ತವೆ. ನೀವು ಹಾಕಿದ ತೆರಿಗೆಯನ್ನು ಅವರು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬೇಕಾದರೆ, ಆ ಬಿಲ್ ಅವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ಅಲ್ಲಿ ಕಾಣಬೇಕಾದರೆ ನೀವು ಜಿಎಸ್‌ಟಿಆರ್-1 ಸಲ್ಲಿಸಿರಬೇಕು. ಪ್ರತಿ ತಿಂಗಳು ಸಲ್ಲಿಸುವವರಾದರೆ ಜೂನ್ ಬಿಲ್ಲಿಗೆ 11 ಜುಲೈ ಕಡೇ ದಿನ. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 13 ಜುಲೈ. ಗಿರಾಕಿಯ 2ಬಿ ತಯಾರಾಗುವುದು 14ಕ್ಕೆ.

ಈಗ ನಮ್ಮ ದಿನ ನೋಡಿ. ಕೊಡಬೇಕಾದ್ದು 8 ಜುಲೈ, ತೆರಿಗೆ ಅವರಿಗೆ ಕಾಣುವುದು 14 ಜುಲೈ. ಆರು ದಿನದ ಈ ಸಂದಿಯಲ್ಲೇ ಅವರಿಗೆ ಅನುಮಾನ ಹುಟ್ಟುವುದು. "ಜೂನ್ ತಿಂಗಳ ಜಿಎಸ್‌ಟಿಆರ್-1ರಲ್ಲಿ ಬರುತ್ತದೆ" ಎಂಬ ಸಾಲು ಮಾದರಿಯಲ್ಲಿ ಇರುವುದು ಇದಕ್ಕಾಗಿ. ತೆರಿಗೆ ಹಿಡಿದರೂ ಜಗಳ ಬೇಡ. 14ರ ನಂತರ ಅದೇ ಇಮೇಲಿಗೆ ಉತ್ತರವಾಗಿ "ಬಿಲ್ ನಿಮ್ಮ 2ಬಿಯಲ್ಲಿ ಬಂದಿದೆ, ನೋಡಿ ಉಳಿದ 7,344 ಹಾಕಿ" ಅಂತ ಬರೆಯಿರಿ.

ಅವರ ಜಿಎಸ್‌ಟಿ ನಂಬರ್ ಒಂದು ಅಕ್ಷರ ತಪ್ಪಿದರೂ ಬಿಲ್ ಬೇರೆಯವರ ಲೆಕ್ಕಕ್ಕೆ ಹೋಗಬಹುದು. ಆದ್ದರಿಂದ ಕಳಿಸುವ ಮೊದಲು 15 ಅಕ್ಷರವನ್ನೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹೆಸರು ನೋಡಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಗಿರಾಕಿಯದು 27 ಅಂತ ಶುರುವಾದರೆ ಅದು ಮಹಾರಾಷ್ಟ್ರದ ನೋಂದಣಿ. ಮಾಲೂ ಅಲ್ಲಿಗೇ ಹೋಗುವುದಾದರೆ 9 ಮತ್ತು 9 ಅಲ್ಲ, ಐಜಿಎಸ್‌ಟಿ ಶೇ 18 ಹಾಕಬೇಕು. ಒಟ್ಟು ಅಷ್ಟೇ ಬರುತ್ತದೆ, ಆದರೂ ಬಿಲ್ ವಾಪಸ್ ಬರುತ್ತದೆ.

48,144 ಬರಬೇಕಿತ್ತು, 47,736 ಬಂದದ. 408 ಎಲ್ಲಿ ಹೋತು?

ಇದು ಬಹುಶಃ ಟಿಡಿಎಸ್. ಉಕ್ಕು ಅವರೇ ಕೊಟ್ಟು ನೀವು ಬರೀ ಕಡೆದು ಕೊಟ್ಟಿದ್ದರೆ ಅದು ಗುತ್ತಿಗೆ ಕೆಲಸದ ಲೆಕ್ಕಕ್ಕೆ ಬರುತ್ತದೆ. ಒಂದೇ ಬಿಲ್ 30,000 ದಾಟಿದರೆ ಕಂಪನಿ ನಿಮ್ಮ ತೆರಿಗೆಯನ್ನು ಹಿಡಿದು ಸರಕಾರಕ್ಕೆ ಕಟ್ಟಬೇಕು. ಒಬ್ಬರೇ ಮಾಲೀಕರಾದ ಶಾಪ್‌ಗೆ ಶೇ 1, ಪಾಲುದಾರಿಕೆ ಸಂಸ್ಥೆಗೆ ಶೇ 2. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆ ತೋರಿಸಿದ್ದರೆ ಅದರ ಮೇಲೆ ಹಿಡಿಯುವುದಿಲ್ಲ. 40,800ರ ಶೇ 1 ಅಂದರೆ 408. ಆ ರೊಕ್ಕ ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮಾ ಆಗುತ್ತದೆ, ರಿಟರ್ನ್ ಹಾಕುವಾಗ ಸಿಗುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ, ಅದಕ್ಕೇ ಮೊದಲ ಇಮೇಲಿನ ಜೊತೆ ಪ್ಯಾನ್ ಇರಲಿ.

ನಿಮ್ಮದೇ ಉಕ್ಕಿನಲ್ಲಿ ಮಾಡಿ ಮಾರಿದ್ದರೆ ಅದು ಮಾಲಿನ ಮಾರಾಟ, ಗುತ್ತಿಗೆ ಕೆಲಸದ ಟಿಡಿಎಸ್ ಬರುವುದಿಲ್ಲ. ಹಾಗಿದ್ದೂ ಹಿಡಿದರೆ ಆರ್ಡರಿನ ಪ್ರತಿ ಹಚ್ಚಿ ವಿನಯದಿಂದ ಕೇಳಿ.

ಕಳಿಸಿದ ಮ್ಯಾಲೆ ತಪ್ಪು ಕಾಣ್ತು. ತಿದ್ದಿ ಮತ್ತ ಕಳಿಸ್ಲೇನ್ರಿ?

ಇಮೇಲಿನ ಮಾತಿನಲ್ಲಿ ತಪ್ಪಿದ್ದರೆ ಅದೇ ಇಮೇಲಿಗೆ ಉತ್ತರವಾಗಿ ಸರಿ ಮಾಡಿ. ಬಿಲ್ಲಿನಲ್ಲೇ ತಪ್ಪಿದ್ದರೆ ಮೊದಲು ನಿಮ್ಮ ಲೆಕ್ಕದವರನ್ನು ಕೇಳಿ, ಬಿಲ್ ರದ್ದು ಮಾಡಿ ಹೊಸ ನಂಬರ್ ಕೊಡಬೇಕೋ, ಕ್ರೆಡಿಟ್ ನೋಟ್ ಕೊಡಬೇಕೋ ಅಂತ. ಒಂದೇ ನಂಬರಿನ ಎರಡು ಬೇರೆ ಪಿಡಿಎಫ್ ಓಡಾಡಲು ಬಿಡಬೇಡಿ. ಯಾವುದು ನಿಜ ಅಂತ ಗೊತ್ತಾಗದೆ ಎರಡನ್ನೂ ತಡೆಹಿಡಿಯುತ್ತಾರೆ.

ಬ್ಯಾಂಕ್ ವಿವರ ತಪ್ಪಾಗಿದ್ದರೆ ಮಾತ್ರ ಇಮೇಲ್ ಸಾಲದು. ಫೋನ್ ಮಾಡಿ, ಹೊಸ ಕ್ಯಾನ್ಸಲ್ ಚೆಕ್ ಕಳಿಸಿ.

"ಖಾತೆ ಬದಲಾದ್ರ ಫೋನ್ ಮಾಡಿ ಕೇಳ್ರಿ" ಅನ್ನೋ ಸಾಲು ಯಾಕ? ಸುಮ್ನೆ ಹೆದರಿಸಿದಂಗ ಆಗೂದಿಲ್ಲೇನು?

ಖಾತೆ ಬದಲಾಯಿಸುವ ಮೋಸ ಹೀಗೆ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರ ಇಮೇಲ್ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿರುತ್ತದೆ. ಅವರು ಸುಮ್ಮನೆ ಓದುತ್ತಾ ಇರುತ್ತಾರೆ. ನಿಮ್ಮ ಬಿಲ್ ಹೋದ ಮೇಲೆ, ನಿಮ್ಮ ವಿಳಾಸದಂತೆಯೇ ಕಾಣುವ, ಒಂದಕ್ಷರ ಮಾತ್ರ ಬೇರೆ ಇರುವ ವಿಳಾಸದಿಂದ "ಆಡಿಟ್ ನಡೀತಿದೆ, ಈ ಹೊಸ ಖಾತೆಗೆ ಹಾಕಿ" ಅಂತ ಬರೆಯುತ್ತಾರೆ. ಬಿಲ್ ನಂಬರ್, ಮೊತ್ತ ಎಲ್ಲ ಸರಿಯಾಗೇ ಇರುತ್ತದೆ. ಹೊಸ ಗಿರಾಕಿಗೆ ನಿಮ್ಮ ಬರವಣಿಗೆಯ ಧಾಟಿ ಗೊತ್ತಿಲ್ಲ, ಹಳೇ ಪಾವತಿಯೂ ಇಲ್ಲ. ನಂಬಿಬಿಡುತ್ತಾರೆ.

ಹಾಗಾಗಿ ಈ ಸಾಲು ಮೊದಲ ಇಮೇಲಿನಲ್ಲೇ ಇರಬೇಕು. ಆಮೇಲೆ ಬರುವ ಯಾವ ಸಾಲನ್ನೂ ಕಳ್ಳರೂ ಬರೆದಿರಬಹುದು. ಫೋನ್ ನಂಬರ್ ಕೂಡ ಅನುಮಾನದ ಇಮೇಲಿನಿಂದ ತಗೋಬಾರದು, ಮೊದಲ ಇಮೇಲಿನಲ್ಲೋ ಪರ್ಚೇಸ್ ಆರ್ಡರಿನಲ್ಲೋ ಇರುವುದಕ್ಕೇ ಮಾಡಬೇಕು. ರೊಕ್ಕ ಹೋಗಿಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಬೇಕು. ಮೊದಲ ಕೆಲವು ಗಂಟೆಯಲ್ಲಿ ತಡೆಯಲು ಸಾಧ್ಯ ಇರುತ್ತದೆ.

ತಾರೀಕು ದಾಟಿತು. ಉದ್ಯಮ್ ನೋಂದಣಿ ಐತಿ. ಅದರಿಂದ ಏನರ ಉಪಯೋಗ ಅದ ಏನ್ರಿ?

ಇದೆ. ಮಾಲು ಕಳಿಸುವ ಮೊದಲೇ ನೀವು ಅತಿ ಸಣ್ಣ ಅಥವಾ ಸಣ್ಣ ಉದ್ಯಮವಾಗಿ, ತಯಾರಿಕೆಗೋ ಸೇವೆಗೋ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಪರ ಇದೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಭಾಗ ಅನ್ವಯಿಸುವುದಿಲ್ಲ.

ಲಿಖಿತ ಒಪ್ಪಂದ ಇದ್ದರೆ ಅದರ ದಿನಕ್ಕೆ ರೊಕ್ಕ ಕೊಡಬೇಕು, ಆದರೆ ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಆರ್ಡರಿನಲ್ಲಿ 90 ದಿನ ಬರೆದಿದ್ದರೂ ಅಷ್ಟೇ. ಒಪ್ಪಂದ ಇಲ್ಲದಿದ್ದರೆ 15 ದಿನ. ನಮ್ಮ ಬುಶ್‌ಗಳು 9 ಜೂನ್‌ಗೆ ತಲುಪಿವೆ, ತಕರಾರಿಲ್ಲ. 45 ದಿನ ಅಂದರೆ 24 ಜುಲೈ. ನಿಮಗೆ ಅನ್ವಯಿಸುವ ಅವಧಿ ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ ಲೆಕ್ಕದಲ್ಲಿ ಕೇಳುವ ಹಕ್ಕು ನಿಮಗಿದೆ. ಅದಕ್ಕಿಂತ ಅಕೌಂಟ್ಸ್‌ನವರಿಗೆ ಹೆಚ್ಚು ತಾಗುವುದು ಇನ್ನೊಂದು: ಅವಧಿಯೊಳಗೆ ಕೊಡದ ಮೊತ್ತವನ್ನು ಅವರು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಲು, ನಿಜವಾಗಿ ಕೊಡುವ ವರ್ಷದವರೆಗೆ ಕಾಯಬೇಕು. ಅದಕ್ಕೇ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಒಂದು ಸಾಲಿನಲ್ಲಿ ಇದ್ದರೆ ಸಾಕು, ಅವರೇ ನೋಡಿಕೊಳ್ಳುತ್ತಾರೆ.

ನಾನು ಹೇಳುವ ಕ್ರಮ ಇದು. 9 ಜುಲೈ ಬೆಳಿಗ್ಗೆ ಅದೇ ಇಮೇಲಿಗೆ ಎರಡು ಸಾಲಿನ ನೆನಪು. 13ಕ್ಕೆ ಅಕೌಂಟ್ಸ್‌ಗೆ ಫೋನ್, "ಬಿಲ್ ಯಾವ ಹಂತದಾಗ ಅದ ಮೇಡಂ?" ಅಂತ. ಒಂದು ವಾರದಲ್ಲಿ ಉತ್ತರ ಸಿಗದಿದ್ದರೆ ಆರ್ಡರ್ ಕೊಟ್ಟ ಸಾಹೇಬರಿಗೆ ಫೋನ್. 24 ಜುಲೈ ದಾಟಿದ ಮೇಲೆ ಕಾಯ್ದೆಯ ಮಾತು, ಪತ್ರದಲ್ಲಿ. ಅದಕ್ಕೂ ಬಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆಗ ಬೇಕಾಗುವ ಕಾಗದಗಳು ಪರ್ಚೇಸ್ ಆರ್ಡರ್, ಬಿಲ್, ಸಹಿ ಇರುವ ಚಲನ್, ಮತ್ತು "ಬಿಲ್ ಸರಿ ಇದೆ" ಎಂದು ಅವರು ಬರೆದ ಆ ಒಂದು ಸಾಲಿನ ಉತ್ತರ.